ಹತ್ತು ಯೂನಿಟ್ಟಿನಲ್ಲೇ ನಿಂತುಬಿಡುವವರು

ಕೆಲವು ತಿಂಗಳ ಹಿಂದೆ ಬಂದವರೊಬ್ಬರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟುಕೊಂಡಿದ್ದರು. ರಾತ್ರಿ ಬೇಸಲ್ ಇನ್ಸುಲಿನ್, ಅಂದರೆ ನಿಧಾನವಾಗಿ ದೀರ್ಘ ಕಾಲ ಕೆಲಸ ಮಾಡುವ ಇನ್ಸುಲಿನ್, 10 ಯೂನಿಟ್ ಎಂದು ಅದಕ್ಕೂ ಮೂರು ತಿಂಗಳ ಮೊದಲು ನಾನೇ ಬರೆದದ್ದು. ಕೆಳಗೆ, ಬೆಳಗಿನ ಶುಗರ್ ನೋಡಿ ಏರಿಸುತ್ತಾ ಹೋಗಿ ಎಂದೂ ಬರೆದಿದ್ದೆ. ಅವರು ಒಂದು ದಿನವೂ ತಪ್ಪಿಸದೆ 10 ಯೂನಿಟ್ ಹಾಕಿಕೊಂಡಿದ್ದರು. ಏರಿಸಿರಲಿಲ್ಲ, ಅಷ್ಟೇ. ಖಾಲಿ ಹೊಟ್ಟೆಯ ಶುಗರ್ ಶುರುವಿನಲ್ಲಿ 212 ಇತ್ತು, ಆಗ 190ರ ಆಸುಪಾಸು. "ಇನ್ಸುಲಿನ್ನೂ ನನಗೆ ಹಿಡೀಲಿಲ್ಲ ಡಾಕ್ಟ್ರೇ" ಎಂದರು.

ಹಿಡಿಯುವಷ್ಟು ನೀವು ಕೊಡಲೇ ಇಲ್ಲವಲ್ಲ ಸ್ವಾಮಿ!

ನನ್ನ ತಾಳ್ಮೆ ಕೆಡುವುದು ಇಲ್ಲೇ. ಸೂಜಿಗೆ ಹೆದರುವವರನ್ನು ಒಪ್ಪಿಸುವುದು ಅಷ್ಟು ಕಷ್ಟವಲ್ಲ, ಒಂದೆರಡು ದಿನದಲ್ಲಿ ಭಯ ಹೋಗುತ್ತದೆ. ಆದರೆ ಮೊದಲ ಡೋಸೇ ಕೊನೆಯ ಡೋಸು ಎಂಬ ನಂಬಿಕೆ ಹೋಗುವುದಿಲ್ಲ. ಕಾರಣವೂ ಗೊತ್ತಿದೆ. ಮಾತ್ರೆಯ ಅಭ್ಯಾಸ ಅದು. 500 ಮಿಲಿಗ್ರಾಂ ಎಂದು ಬರೆದರೆ ಸಾಮಾನ್ಯವಾಗಿ ಅದೇ ಡೋಸು. ಇನ್ಸುಲಿನ್ನಿನ 10 ಯೂನಿಟ್ ಹಾಗಲ್ಲ. ಅದು ಅಂದಾಜು. ಅದೂ ಬೇಕೆಂದೇ ಕಡಿಮೆ ಇಟ್ಟ ಅಂದಾಜು.

ಮೊದಲ ಡೋಸಿಗೆ ಲೆಕ್ಕ ಸುಲಭ. ದಿನಕ್ಕೆ 10 ಯೂನಿಟ್, ಇಲ್ಲವೇ ತೂಕದ ಒಂದೊಂದು ಕಿಲೋಗೆ 0.1ರಿಂದ 0.2 ಯೂನಿಟ್. ಇವರ ತೂಕ 80 ಕಿಲೋ, ಅಂದರೆ 8ರಿಂದ 16ರೊಳಗೆ ಎಲ್ಲಾದರೂ ಶುರು ಮಾಡಬಹುದಿತ್ತು. ನಾನು 10 ಆರಿಸಿದೆ. ಕಿಡ್ನಿ ಸೋತಿದ್ದರೆ, ವಯಸ್ಸಾಗಿ ಒಬ್ಬರೇ ಇರುವವರಾದರೆ ಇನ್ನೂ ಕೆಳಗಿನಿಂದ ಹಿಡಿಯುತ್ತೇನೆ, ಏರಿಸುವುದೂ ನಿಧಾನ. ಇಷ್ಟು ಕಡಿಮೆ ಯಾಕೆಂದರೆ, ಯಾರ ದೇಹಕ್ಕೆ ಎಷ್ಟು ಬೇಕು ಎಂಬುದು ಮೊದಲೇ ತಿಳಿಯುವ ದಾರಿ ಇಲ್ಲ. ಒಂದೇ ತೂಕದ ಇಬ್ಬರಲ್ಲಿ ಒಬ್ಬರಿಗೆ 14 ಸಾಕಾಗುತ್ತದೆ, ಇನ್ನೊಬ್ಬರಿಗೆ 36 ಬೇಕಾಗುತ್ತದೆ. 36 ಬೇಕಾದವರ ಕಾಯಿಲೆ ಕೆಟ್ಟದ್ದು ಎಂದಲ್ಲ. ಚಪ್ಪಲಿಯ ಅಳತೆ ಒಂಬತ್ತು ಎಂದ ಮಾತ್ರಕ್ಕೆ ಕಾಲು ಕೆಟ್ಟಿದೆ ಎನ್ನುತ್ತೇವೆಯೇ?

ಅಳತೆ ಹೇಳುವುದು ಬೆಳಗಿನ ಖಾಲಿ ಹೊಟ್ಟೆಯ ರೀಡಿಂಗ್. ರಾತ್ರಿ ನಾವು ಮಲಗಿದ್ದಾಗ ಲಿವರ್ ಸಕ್ಕರೆ ಬಿಡುತ್ತಲೇ ಇರುತ್ತದೆ. ಅದನ್ನು ಹದದಲ್ಲಿ ಹಿಡಿಯುವುದೇ ಬೇಸಲ್ ಇನ್ಸುಲಿನ್ನಿನ ಕೆಲಸ. ಹಿಡಿತ ಸಾಕಾಯಿತೇ ಎಂಬುದು ಬೆಳಗ್ಗೆ ಗೊತ್ತಾಗುತ್ತದೆ. ಮಲಗುವಾಗಿನ ರೀಡಿಂಗ್ ಊಟದ ಲೆಕ್ಕ. ಅದನ್ನು ನೋಡಿ "ಇವತ್ತು 115 ಇದೆ, ಇನ್ಸುಲಿನ್ ಬೇಡ" ಎಂದು ಬಿಟ್ಟು, ಮರುದಿನ "250 ಇದೆ" ಎಂದು ನಾಲ್ಕು ಯೂನಿಟ್ ಜಾಸ್ತಿ ಹಾಕಿಕೊಳ್ಳುವವರೂ ಇದ್ದಾರೆ. ಹೀಗೆ ಮಾಡಿದರೆ ಬೆಳಗಿನ ಅಂಕಿ ಯಾವ ಡೋಸಿನದು ಎಂದು ದೇವರಿಗೂ ತಿಳಿಯುವುದಿಲ್ಲ. ಹಾಗೆಂದು ಮಲಗುವಾಗ ಶುಗರ್ ತೀರಾ ಕೆಳಗಿದ್ದರೆ ಅಥವಾ ಊಟವೇ ಸೇರದಿದ್ದರೆ ಸುಮ್ನೆ ಚುಚ್ಚಿಕೊಳ್ಳಬೇಡಿ, ಕೇಳಿ.

ಈ ಮನುಷ್ಯನ ಜೊತೆ ಮತ್ತೆ ಕೂತೆ. ನಿಯಮ ಒಂದೇ. ಮೂರು ದಿನ ಬೆಳಗ್ಗೆ ನೋಡಬೇಕು. ಮೂರರಲ್ಲಿ ಚಿಕ್ಕ ಅಂಕಿಯೂ 130 ದಾಟಿದ್ದರೆ 2 ಯೂನಿಟ್ ಏರಿಸಬೇಕು. 80ರಿಂದ 130ರೊಳಗೆ ಬಂದರೆ ನಿಲ್ಲಿಸಬೇಕು. ಮೂರು ದಿನ ಯಾಕೆ ಎಂದು ಅವರು ಕೇಳಿದರು, ಒಳ್ಳೆಯ ಪ್ರಶ್ನೆ. ಹೊಸ ಡೋಸಿನ ಪೂರ್ತಿ ಪರಿಣಾಮ ಮೊದಲ ರಾತ್ರಿಯೇ ಕಾಣುವುದಿಲ್ಲ. ಒಂದು ದಿನದ ಅಂಕಿಯೋ, ತಡವಾದ ಊಟಕ್ಕೂ ಕೆಟ್ಟ ನಿದ್ದೆಗೂ ಕುಣಿಯುತ್ತದೆ. ಅವರದು ಗ್ಲಾರ್ಜಿನ್ ಎಂಬ ಬೇಸಲ್ ಇನ್ಸುಲಿನ್, ಅದಕ್ಕೆ ಮೂರು ದಿನ ಸರಿ. ಡೆಗ್ಲುಡೆಕ್‌ನಂಥ ಇನ್ನೂ ದೀರ್ಘ ಕಾಲ ಕೆಲಸ ಮಾಡುವ ಇನ್ಸುಲಿನ್ ಆದರೆ ನಾನು ವಾರಕ್ಕೊಮ್ಮೆ ಮಾತ್ರ ಏರಿಸಲು ಹೇಳುತ್ತೇನೆ.

ಮೊದಲ ಮೂರು ಬೆಳಗ್ಗೆ 188, 196, 181. ಚಿಕ್ಕದು 181, ಆದ್ದರಿಂದ 12. ಹೀಗೇ 14, 16, 18. ಅಲ್ಲಿ ಅವರು ಫೋನ್ ಮಾಡಿದರು. "ಇಷ್ಟೊಂದಾ? ಕಾಯಿಲೆ ಜಾಸ್ತಿ ಆಯ್ತಾ?" ಮತ್ತೆ ಚಪ್ಪಲಿಯ ಕಥೆ ಹೇಳಬೇಕಾಯಿತು. 24ರಲ್ಲಿ 136, 149, 141. ಹತ್ತಿರ ಬಂದಿತ್ತು, ಆದರೂ ಇನ್ನೊಂದು ಮೆಟ್ಟಿಲು. 26ರಲ್ಲಿ 112, 121, 108. ನಿಲ್ಲಿಸಿದೆವು. ಎಂಟು ಮೆಟ್ಟಿಲು, ಸುಮಾರು ನಾಲ್ಕು ವಾರ. ಮೂರು ತಿಂಗಳು ಸುಮ್ನೆ ಕಳೆದದ್ದನ್ನು ನೆನೆದರೆ ನನಗೇ ಹೊಟ್ಟೆ ಉರಿಯುತ್ತದೆ.

ಏರಿಸಿದರೂ ಅಂಕಿ ಕದಲದಿದ್ದರೆ ಮೊದಲು ಹೊಟ್ಟೆ ಮುಟ್ಟಿ ನೋಡುತ್ತೇನೆ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟು ಕಟ್ಟಿದ್ದರೆ ಅಲ್ಲಿಂದ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ. ಜಾಗ ಬದಲಿಸಿದ ಕೂಡಲೇ ಶುಗರ್ ದಿಢೀರನೆ ಇಳಿಯಬಹುದು, ಹಾಗಾಗಿ ಅಲ್ಲೂ ಜೋಪಾನ.

ಇನ್ನೊಬ್ಬ ಅಜ್ಜಿ ನೆನಪಾಗುತ್ತಾರೆ. ಡೈರಿಯಲ್ಲಿ ದಿನವೂ 110, 112, 109. ಎಷ್ಟು ಚೆಂದದ ಅಕ್ಷರ! ಆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 9.8. ಮೀಟರ್ ಕೇಳಿ ತೆಗೆದುಕೊಂಡೆ, ಅದರ ಮೆಮೊರಿಯಲ್ಲಿ 190, 205. "ನಿಜ ಬರೆದ್ರೆ ನೀವು ಇನ್ಸುಲಿನ್ ಜಾಸ್ತಿ ಮಾಡ್ತೀರಲ್ಲಪ್ಪಾ" ಎಂದು ನಕ್ಕರು. ಬೈಯಲು ಮನಸ್ಸಾಗಲಿಲ್ಲ. ಆಮೇಲಿಂದ ಎಲ್ಲರ ಮೀಟರನ್ನೂ ಕೇಳುತ್ತೇನೆ.

ನಮ್ಮ 26 ಯೂನಿಟ್ಟಿನವರ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡು ವಾರದ ನಂತರ ಒಂದು ಮುಂಜಾನೆ ಬೆವರಿ, ಕೈ ನಡುಗಿ ಎದ್ದರು. ಮೀಟರಿನಲ್ಲಿ 64. ಹೇಳಿಕೊಟ್ಟಿದ್ದಂತೆ 15 ಗ್ರಾಂ ಗ್ಲುಕೋಸ್ ಕುಡಿದು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರು, 92. ಊಟ ಬಿಟ್ಟಿದ್ದರೇ, ಜಾಸ್ತಿ ನಡೆದಿದ್ದರೇ, ಕುಡಿದಿದ್ದರೇ ಎಂದು ವಿಚಾರಿಸಿದೆ. ಏನೂ ಇಲ್ಲ. ಕಾರಣ ಸಿಗದ ಲೋ ಶುಗರ್ ಆದರೆ ಡೋಸಿನಲ್ಲಿ 10ರಿಂದ 20 ಶೇಕಡಾ ಇಳಿಸುವುದು ರೂಢಿ. 26ರಿಂದ 22ಕ್ಕೆ ಇಳಿಸಿದೆ. ಅಲ್ಲಿ 118, 124, 127. ಕೆಲವು ವಾರಗಳ ಹಿಂದೆ 24ರಲ್ಲೂ ಬಾರದ ಅಂಕಿ ಈಗ 22ರಲ್ಲಿ ಬಂತು. ಬಹುದಿನ ಏರಿದ್ದ ಸಕ್ಕರೆ ತಾನೇ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗಿರುತ್ತದೆ. ಅದು ಇಳಿದ ಮೇಲೆ ಕೆಲವರಿಗೆ ಕಡಿಮೆ ಡೋಸೂ ಸಾಕಾಗುತ್ತದೆ.

ಮೆಟ್ಟಿಲೇರುವುದಕ್ಕೂ ಒಂದು ಮಿತಿ ಇದೆ. ಕಿಲೋಗೆ 0.5 ಯೂನಿಟ್, ಇವರಿಗಾದರೆ 40, ದಾಟುವ ಹೊತ್ತಿಗೆ ನಾನು ಕೈ ತಡೆದು ಯೋಚಿಸುತ್ತೇನೆ. ಮಲಗುವಾಗಿನಿಂದ ಬೆಳಗಿನೊಳಗೆ 50ಕ್ಕಿಂತ ಜಾಸ್ತಿ ಇಳಿಯುತ್ತಿದ್ದರೂ ಅಷ್ಟೇ. ಹಗಲಿನ ಊಟದ ಸಕ್ಕರೆಯನ್ನು ರಾತ್ರಿಯ ಇನ್ಸುಲಿನ್ನಿನಿಂದ ಇಳಿಸಲು ಹೊರಟಿದ್ದೇವೆ ಎಂಬುದರ ಸೂಚನೆ ಅದು.

ಮುಂದಿನ ತಿಂಗಳು ಅವರು ಮತ್ತೆ ಬಂದರು. ಬೆಳಗಿನದು 116, ಊಟವಾಗಿ ಎರಡು ಗಂಟೆಗೆ 240. ಈಗ ಧೈರ್ಯ ಬಂದಿತ್ತು. "ಹಾಗಾದ್ರೆ 30 ಮಾಡ್ಲಾ ಡಾಕ್ಟ್ರೇ?" ಎಂದರು. ಬೇಡ ಎಂದೆ. ಡೋಸು 22ರಲ್ಲೇ ಇದೆ. ಊಟದ ನಂತರದ ಸಕ್ಕರೆಗೆ ಬೇರೆ ಔಷಧಿ ಬರೆದುಕೊಟ್ಟೆ.