ಟೆಸ್ಟ್ ಡ್ರೈವ್‌ನಲ್ಲಿ ಒತ್ತಿ ನೋಡಬೇಕಾದ ಬಟನ್

ಷೋರೂಮಿನವರು ಟೆಸ್ಟ್ ಡ್ರೈವ್‌ಗೆ ಕಾರು ತರುವಾಗಲೇ ಎಸಿ ಹಾಕಿ ತಂಪು ಮಾಡಿಟ್ಟಿರುತ್ತಾರೆ. ನಾವು ಒಳಗೆ ಕೂರುತ್ತೇವೆ, ತಣ್ಣಗಿನ ಗಾಳಿ ಮುಖಕ್ಕೆ ಬಡಿಯುತ್ತದೆ, 'ಎಸಿ ಸೂಪರ್' ಅನ್ನುತ್ತೇವೆ. ಇದರಿಂದ ಎಸಿಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ತಂಪಾಗಿರುವ ಕಾರನ್ನು ತಂಪಾಗಿ ಉಳಿಸುವುದು ಸುಲಭ. ಕಾದ ಕಾರನ್ನು ಸಿಗ್ನಲ್‌ನಲ್ಲಿ ನಿಂತುಕೊಂಡೇ ತಂಪು ಮಾಡುವುದು ಕಷ್ಟ. ಬೆಂಗಳೂರಿನಲ್ಲಿ ನಮಗೆ ದಿನಾ ಬೇಕಾಗಿರುವುದು ಈ ಎರಡನೆಯದೇ ಅಲ್ವಾ?

ಹಾಗಾಗಿ ಮೊದಲೇ ಹೇಳಿಬಿಡಿ: ಕಾರು ಅರ್ಧ ಗಂಟೆ ಬಿಸಿಲಲ್ಲಿ ನಿಂತಿರಲಿ, ಎಸಿ ಹಾಕಬೇಡಿ. ಏಪ್ರಿಲ್ ಮಧ್ಯಾಹ್ನ ಹೊರಗೆ 35 ಡಿಗ್ರಿ ಇದ್ದರೆ, ಗಾಜು ಮುಚ್ಚಿದ ಕಾರಿನ ಒಳಗಿನ ಗಾಳಿ 50 ಡಿಗ್ರಿಯ ಹತ್ತಿರ ಹೋಗುತ್ತದೆ. ಡ್ಯಾಶ್‌ಬೋರ್ಡ್ ಅದಕ್ಕಿಂತ ಜಾಸ್ತಿ ಕಾದಿರುತ್ತದೆ. ಒಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿ ಇರುವಷ್ಟು ಹೊತ್ತು ಅದನ್ನು ಹೊರಗೆ ಹಾಕುವುದೇ ಲಾಭ. ಕಿಟಕಿ ಇಳಿಸಿ ಒಂದು ನಿಮಿಷ ಓಡಿಸಿ. ಆಮೇಲೆ ಗಾಜು ಏರಿಸಿ, ಗಾಳಿ ಒಳಗೇ ಸುತ್ತುವಂತೆ ಮಾಡುವ ರೀಸರ್ಕ್ಯುಲೇಶನ್ ಬಟನ್ ಒತ್ತಿ. ಕಾರಿನ ಚಿತ್ರದೊಳಗೆ ಬಾಣ ತಿರುಗಿರುವ ಬಟನ್ ಅದು. ಇನ್ನು ಮುಂದೆ ಎಸಿ 35 ಡಿಗ್ರಿಯ ಹೊಸ ಗಾಳಿಯ ಮೇಲೆ ದುಡಿಯುವುದಿಲ್ಲ. ಆಗಲೇ ಸ್ವಲ್ಪ ತಂಪಾದ ಗಾಳಿಯನ್ನೇ ಇನ್ನಷ್ಟು ತಂಪು ಮಾಡುತ್ತದೆ.

ಅಡುಗೆಮನೆಯಲ್ಲಿ ಬಳಸುವ, ಕಡ್ಡಿಯಂಥ ತುದಿಯ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಅದನ್ನು ನಡುವಿನ ಗಾಳಿ ಕಿಂಡಿಗೆ ಸಿಕ್ಕಿಸಿ. ತಾಪಮಾನವನ್ನು 18ಕ್ಕೆ ಇಳಿಸಿದರೆ ಬೇಗ ತಂಪಾಗುತ್ತದೆ ಎನ್ನುವುದು ತಪ್ಪು ನಂಬಿಕೆ. ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟಬಾರದೆಂದು ಅದನ್ನು ಸೊನ್ನೆಗಿಂತ ಸ್ವಲ್ಪ ಮೇಲೆಯೇ ಇಟ್ಟಿರುತ್ತಾರೆ, 18 ಅಂದರೂ ಅದು ಅದಕ್ಕಿಂತ ತಣ್ಣಗಾಗುವುದಿಲ್ಲ. ಒಳಗೆ 50 ಡಿಗ್ರಿ ಇದ್ದಾಗ, ಆಟೊಮ್ಯಾಟಿಕ್ ಎಸಿಯನ್ನು 24ಕ್ಕೆ ಇಟ್ಟರೂ ಅದು ಪೂರ್ತಿ ಶಕ್ತಿಯಲ್ಲೇ ಓಡುತ್ತದೆ.

ನೋಡಬೇಕಾದದ್ದು ಸಿಲ್ಕ್ ಬೋರ್ಡ್‌ನಂಥ ಜಂಕ್ಷನ್‌ನಲ್ಲಿ ನಿಂತಾಗ ಏನಾಗುತ್ತದೆ ಎಂದು. ಇದಕ್ಕೊಂದು ಹಳೆಯ ಕಥೆ ಇದೆ. ಕಂಪನಿಯೇ ಎಸಿ ಕೂರಿಸಿ ಮಾರಿದ ಮೊದಲ ಕಾರು ಅಮೆರಿಕದ ಪ್ಯಾಕರ್ಡ್, 1940ರ ಮಾಡೆಲ್. ಕೂಲಿಂಗ್ ಕಾಯಿಲ್ ಡಿಕ್ಕಿಯಲ್ಲಿತ್ತು. ಕಂಪ್ರೆಸರನ್ನು ಎಂಜಿನ್‌ನಿಂದ ಬಿಡಿಸುವ ಕ್ಲಚ್ ಇರಲಿಲ್ಲ. ಎಸಿ ಬೇಡವೆಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟ್ ಕಳಚಬೇಕಿತ್ತು! ಕ್ಲಚ್ ಆಮೇಲೆ ಬಂತು, ಬೆಲ್ಟ್ ಮಾತ್ರ ಇಂದಿನ ಬಹುಪಾಲು ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಹಾಗೇ ಉಳಿದಿದೆ. ಎಂಜಿನ್ ನಿಧಾನಕ್ಕೆ ತಿರುಗಿದರೆ ಕಂಪ್ರೆಸರೂ ನಿಧಾನ. ಅದೇ ಹೊತ್ತಿಗೆ ಮುಂದಿನ ಗ್ರಿಲ್ ಹಿಂದಿದ್ದು ಎಸಿಯ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್‌ಗೆ ಓಟದ ಗಾಳಿ ತಪ್ಪಿಹೋಗುತ್ತದೆ. ಫ್ಯಾನ್ ಒಂದೇ ಗತಿ, ಅದೂ ಮುಂದಿನ ಬಸ್ಸಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ.

ಓಡುವಾಗ ಕಿಂಡಿಯಲ್ಲಿ 8 ಡಿಗ್ರಿ ತೋರಿಸುತ್ತಿದ್ದದ್ದು 5 ನಿಮಿಷ ನಿಂತಾಗ 11 ಅಥವಾ 12 ಆದರೆ ಸಹಜ. 18ಕ್ಕೆ ಹೋದರೆ ಆ ಕಾರು ನಮ್ಮ ಊರಿಗೆ ಸಾಲದು ಎಂದೇ ನಾನು ಹೇಳುತ್ತೇನೆ. ಸಿಗ್ನಲ್‌ನಲ್ಲಿ ತಾನೇ ಎಂಜಿನ್ ಆರಿಸುವ ಕಾರಾದರೆ, ಆ ಸೌಲಭ್ಯವನ್ನು ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿ. ಎಲೆಕ್ಟ್ರಿಕ್ ಕಾರಿನ ಕಂಪ್ರೆಸರ್‌ಗೆ ತನ್ನದೇ ಮೋಟರ್ ಇರುವುದರಿಂದ ಬೆಲ್ಟಿನ ತೊಂದರೆ ಅದಕ್ಕಿಲ್ಲ.

ಇನ್ನು ಗಾಳಿಯ ಶುದ್ಧತೆ. ತಂಪಾಗಿದೆ, ವಾಸನೆ ಇಲ್ಲ, ಅಂದಮೇಲೆ ಶುದ್ಧವಾಗಿದೆ ಎಂದು ತುಂಬಾ ಜನ ನಂಬಿದ್ದಾರೆ. ಈ ನಂಬಿಕೆ ನನಗೆ ನಿಜಕ್ಕೂ ಆತಂಕ ತರುತ್ತದೆ, ಯಾಕೆಂದರೆ ಇದನ್ನು ನಂಬಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಗಂಟೆಗಟ್ಟಲೆ ಹೋಗುತ್ತಾರೆ. ಪಿಎಂ 2.5 ಎನ್ನುವ ಸಣ್ಣ ಕಣಗಳಿಗೆ ವಾಸನೆ ಇರಬೇಕೆಂದೇನಿಲ್ಲ. ಕಾರಿನ ಪರ್ಫ್ಯೂಮ್ ಒಂದು ಕಣವನ್ನೂ ತೆಗೆಯುವುದಿಲ್ಲ.

ಕಣ ತೆಗೆಯುವುದು ಕ್ಯಾಬಿನ್ ಫಿಲ್ಟರ್. ಅದು ಸಾಧಾರಣದ್ದು, ಒಂದು ಸಲ ಹಾದುಹೋದ ಗಾಳಿಯಿಂದ ನೂರಕ್ಕೆ 30 ಕಣಗಳನ್ನು ಮಾತ್ರ ಹಿಡಿಯುತ್ತದೆ ಎಂದುಕೊಳ್ಳೋಣ. ಹೊರಗೆ ಘನ ಮೀಟರಿಗೆ 120 ಮೈಕ್ರೋಗ್ರಾಂ ಇರಲಿ. ನಮ್ಮ ದೇಶದ ಮಾನದಂಡದಲ್ಲಿ 24 ಗಂಟೆಯ ಸರಾಸರಿ ಮಿತಿ 60. ಹೊರಗಿನ ಗಾಳಿ ಎಳೆದುಕೊಳ್ಳುತ್ತಿದ್ದರೆ ಒಳಗೆ 84 ಇರುತ್ತದೆ, ಎಷ್ಟು ಹೊತ್ತಾದರೂ ಅಷ್ಟೇ.

ಈಗ ಆ ಬಟನ್ ಒತ್ತಿ. ಕಾರಿನ ಒಳಗೆ ಸುಮಾರು 3 ಘನ ಮೀಟರ್ ಗಾಳಿ ಇರುತ್ತದೆ. ಬ್ಲೋವರ್ ಗಂಟೆಗೆ 200 ಘನ ಮೀಟರ್ ತಳ್ಳಿದರೆ, ಅದೇ ಗಾಳಿ ನಿಮಿಷಕ್ಕೆ ಒಂದು ಸಲಕ್ಕಿಂತ ಹೆಚ್ಚು ಫಿಲ್ಟರ್ ಹಾಯುತ್ತದೆ. ತೂತು ದೊಡ್ಡದಿರುವ ಜರಡಿಯಲ್ಲೂ ಹಿಟ್ಟನ್ನು ಮತ್ತೆ ಮತ್ತೆ ಜರಡಿ ಹಿಡಿದರೆ ಹೊಟ್ಟು ಕಡಿಮೆಯಾಗುತ್ತಾ ಹೋಗುವ ಹಾಗೆ, ಪ್ರತಿ ಸುತ್ತಿಗೂ ಉಳಿದದ್ದರಲ್ಲಿ ನೂರಕ್ಕೆ 30 ಪಾಲು ಹೋಗುತ್ತದೆ. ಸಂದುಗಳಿಂದ ಗಂಟೆಗೆ ಎರಡು ಕಾರಿನಷ್ಟು ಹೊರಗಾಳಿ ನುಸುಳುತ್ತದೆ ಎಂದು ಲೆಕ್ಕ ಹಿಡಿದರೂ 84 ಇದ್ದದ್ದು 5 ನಿಮಿಷಕ್ಕೆ 25ರ ಒಳಗೆ ಬರುತ್ತದೆ. ಇನ್ನೂ ಬಿಟ್ಟರೆ 11ರ ಹತ್ತಿರ ನಿಲ್ಲುತ್ತದೆ. ಫಿಲ್ಟರ್ ಅದೇ, ಬದಲಾದದ್ದು ಗಾಳಿಯ ದಾರಿ. ನನಗೆ ಈ ಲೆಕ್ಕ ತುಂಬಾ ಇಷ್ಟ.

ಆದರೆ ಒಳಗೆ ಉಸಿರಾಡುವ ಜನರೂ ಇದ್ದಾರೆ. ಸುಮ್ನೆ ಕೂತ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಟೆಸ್ಟ್ ಡ್ರೈವ್‌ನಲ್ಲಿ ನೀವು, ಮನೆಯವರು, ಷೋರೂಮಿನ ಹುಡುಗ, ಒಟ್ಟು ಮೂರು ಜನ. ಹೊರಗಿನ ಗಾಳಿಯಲ್ಲಿ ಇದು 420 ಪಿಪಿಎಂ ಆಸುಪಾಸು, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು. ಅದೇ ಸೋರಿಕೆಯ ಲೆಕ್ಕದಲ್ಲಿ ಒಳಗೆ 5 ನಿಮಿಷಕ್ಕೆ 1800, 10 ನಿಮಿಷಕ್ಕೆ 3000ದ ಹತ್ತಿರ ಏರುತ್ತದೆ. ತಲೆ ಭಾರ, ಆಕಳಿಕೆ, 'ಯಾಕೋ ಉಸಿರು ಕಟ್ಟಿದ ಹಾಗಿದೆ' ಅನ್ನುವ ಮಾತು ಆಗ ಶುರು. ಇದನ್ನು ಕ್ಯಾಬಿನ್ ಫಿಲ್ಟರಾಗಲಿ, ಕಾರಿನ ಏರ್ ಪ್ಯೂರಿಫೈಯರ್ ಆಗಲಿ ತೆಗೆಯುವುದಿಲ್ಲ. ಹೊಸ ಗಾಳಿಯೇ ಬೇಕು.

ದಾರಿ ಇದೆ. ಲಾರಿಯ ಹಿಂದೆ ಇರುವಾಗ ಬಟನ್ ಒತ್ತಿರಲಿ. 10 ನಿಮಿಷಕ್ಕೊಮ್ಮೆ, ಫ್ಲೈಓವರ್ ಹತ್ತಿ ರಸ್ತೆ ಬಿಡುವಾದಾಗ, ಎರಡು ನಿಮಿಷ ಹೊರಗಿನ ಗಾಳಿ ಬಿಡಿ. ಕಾರ್ಬನ್ ಡೈಆಕ್ಸೈಡ್ ಸಾವಿರದ ಒಳಗೆ ಬರುತ್ತದೆ. ಕಣಗಳು ಏರುತ್ತವೆ ನಿಜ, ಬಟನ್ ಒತ್ತಿದ ಮೇಲೆ ಕೆಲವೇ ನಿಮಿಷದಲ್ಲಿ ಮತ್ತೆ ಇಳಿಯುತ್ತವೆ.

ಕೈಯಲ್ಲಿ ಹಿಡಿಯುವ ಪಿಎಂ ಮೀಟರ್ ಇದ್ದರೆ ಇದೇ ಪರೀಕ್ಷೆ ಮಾಡಿ. ಬಟನ್ ಒತ್ತಿದ 5 ನಿಮಿಷದಲ್ಲಿ ಅಂಕಿ ಕಾಲು ಭಾಗಕ್ಕೆ ಇಳಿಯಬೇಕು. ಇಂಥ ಮೀಟರ್ ಬೆಳಕು ಚೆಲ್ಲಿ ಕಣ ಅಳೆಯುವುದರಿಂದ ಮಂಜು ಕವಿದ ಬೆಳಗ್ಗೆ ಜಾಸ್ತಿ ತೋರಿಸುತ್ತದೆ. ಡೀಸೆಲ್ ಹೊಗೆಯ ಅತಿ ಸಣ್ಣ ಕಣಗಳು ಅದರ ಬೆಳಕಿಗೆ ಸಿಗುವುದೇ ಇಲ್ಲ. ಅದಕ್ಕೇ ಅಂಕಿಗಿಂತ ಇಳಿತದ ವೇಗವನ್ನು ನಂಬಿ.

ಅಂಕಿ ಇಳಿಯಲೇ ಇಲ್ಲ ಅಂದರೆ ಕಾರು ನಿಲ್ಲಿಸಿ ಗ್ಲೋವ್ ಬಾಕ್ಸ್ ಕಳಚಿ ತೋರಿಸಲು ಕೇಳಿ. ಬಹಳಷ್ಟು ಕಾರುಗಳಲ್ಲಿ ಫಿಲ್ಟರ್ ಅದರ ಹಿಂದೆ ಇರುತ್ತದೆ, ಒಳಗೆ ಸುತ್ತುವ ಗಾಳಿಯೂ ಅದನ್ನು ಹಾಯುತ್ತದೆ. ಕೆಲವು ಕಾರುಗಳಲ್ಲಿ ಅದು ಮುಂದಿನ ಗಾಜಿನ ಬುಡದಲ್ಲಿ, ಹೊರಗಾಳಿ ಬರುವ ಬಾಯಲ್ಲಿ ಮಾತ್ರ ಇರುತ್ತದೆ. ಅಂಥ ಕಾರಲ್ಲಿ ಸುತ್ತುವ ಗಾಳಿ ಸೋಸಿಕೊಳ್ಳುವುದೇ ಇಲ್ಲ. ಇನ್ನು ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಜಾಗ ಇದ್ದು ಫಿಲ್ಟರೇ ಇರುವುದಿಲ್ಲ. ಆಗ ಒಂದನ್ನು ಹಾಕಿಸಿಕೊಡಲು ಡೆಲಿವರಿಗೆ ಮುಂಚೆಯೇ ಹೇಳಿ. ಅಂಚಿನಲ್ಲಿರುವ ಬಾಣ ಗಾಳಿ ಹರಿಯುವ ದಿಕ್ಕಿಗೆ ಇದೆಯಾ ಎಂದೂ ನೋಡಿಕೊಳ್ಳಿ.