ಬಾಹ್ಯಾಕಾಶ ನಿಲ್ದಾಣದ ದಿನಚರಿ ಮತ್ತು ಮೂತ್ರಪಿಂಡದ ಕಲ್ಲು

ಪುಣೆಯ ಕೆಲವು ಕನ್ನಡ ಕುಟುಂಬಗಳು ಸೇರಿ ಮಕ್ಕಳಿಗಾಗಿ ನಡೆಸುತ್ತಿರುವ ಭಾನುವಾರದ ತರಗತಿಯಲ್ಲಿ ಈ ಬಾರಿ ವಿದ್ಯಾರ್ಥಿ ಗಗನಯಾತ್ರಿಯೊಬ್ಬರ ದಿನಚರಿಯ ಒಂದು ಪುಟವನ್ನು ಕಲ್ಪಿಸಿ ಬರೆಯಲು ಹೇಳಿದ್ದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬರೆದ ಪುಟವನ್ನು ಅಲ್ಲಿನ ಶಿಕ್ಷಕಿ ನನಗೆ ಕಳುಹಿಸಿ, ಶರೀರದ ವಿಷಯದಲ್ಲಿ ಹೇಳಿರುವುದೆಲ್ಲ ಸರಿಯೇ ನೋಡಿ ಎಂದು ಕೇಳಿಕೊಂಡರು. ನಾನು ಮೂತ್ರಪಿಂಡದ ಕಲ್ಲಿನ ರೋಗಿಗಳನ್ನು ದಿನವೂ ನೋಡುವ ವೈದ್ಯನಾದ್ದರಿಂದ ಆ ಬರಹದಲ್ಲಿ ನನ್ನ ಕಣ್ಣು ಎಲ್ಲಕ್ಕಿಂತ ಮೊದಲು ನಿಂತದ್ದು ಅವಳು ಕುಡಿದ ನೀರಿನ ಮೇಲೆ. ಅವಳ ಒಪ್ಪಿಗೆ ಪಡೆದು ಆ ಭಾಗವನ್ನು ಇಲ್ಲಿ ಕೊಡುತ್ತಿದ್ದೇನೆ.

“ನಿಲ್ದಾಣದಲ್ಲಿ ಮೂರನೆಯ ದಿನ. ಬೆಳಗ್ಗೆ ಆರಕ್ಕೆ ಎಚ್ಚರವಾಯಿತು. ಇಲ್ಲಿನ ಗಡಿಯಾರ ಗ್ರೀನಿಚ್ ಸಮಯ ತೋರಿಸುವುದರಿಂದ ಪುಣೆಯಲ್ಲಿ ಆಗ ಹನ್ನೊಂದೂವರೆ. ಅಮ್ಮನ ಅಡುಗೆ ಮುಗಿದಿರುತ್ತದೆ. ಗೋಡೆಗೆ ಕಟ್ಟಿದ ಮಲಗುವ ಚೀಲದಿಂದ ಹೊರಗೆ ತೇಲಿ ಬಂದು ಕನ್ನಡಿ ನೋಡಿಕೊಂಡೆ. ಮುಖ ಊದಿದೆ, ಕಾಲುಗಳು ಸಣಕಲಾಗಿವೆ, ಮೂಗು ಕಟ್ಟಿದೆ. ತಿಂಡಿಗೆ ರುಚಿಯೇ ಇಲ್ಲ, ಅಜ್ಜಿ ಕೊಟ್ಟ ಮಿಡಿ ಉಪ್ಪಿನಕಾಯಿ ಇಲ್ಲದಿದ್ದರೆ ಊಟ ಸೇರುತ್ತಿರಲಿಲ್ಲ. ಬಾಯಾರಿಕೆಯೂ ಇಲ್ಲ. ಇಡೀ ದಿನ ಎರಡೇ ಪೊಟ್ಟಣ ನೀರು ಕುಡಿದೆ. ಶೌಚಾಲಯದ ಕೊಳವೆ ಹಿಡಿದುಕೊಂಡು ಹೆಣಗುವುದು ತಪ್ಪಿತು, ಒಳ್ಳೆಯದೇ ಆಯಿತು.”

ಹುಡುಗಿ ಗಮನವಿಟ್ಟು ಓದಿಕೊಂಡು ಬರೆದಿದ್ದಾಳೆ. ಅದೇ ಪುಟದ ಇನ್ನೊಂದು ಕಡೆ “ಇಲ್ಲಿ ಗುರುತ್ವವಿಲ್ಲ” ಎಂದಿರುವುದನ್ನು ಮಾತ್ರ ತಿದ್ದಬೇಕು. ನಿಲ್ದಾಣ ಇರುವ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಸೆಳೆತ ನೆಲದಲ್ಲಿರುವುದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದ್ದೇ ಇರುತ್ತದೆ. ನಿಲ್ದಾಣವೂ ಅದರೊಳಗಿನ ಮನುಷ್ಯರೂ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಮುಂದೆ ಸಾಗುತ್ತಲೇ ಒಟ್ಟಿಗೆ ಭೂಮಿಯತ್ತ ಬೀಳುತ್ತಿರುವುದರಿಂದ ಯಾರ ಪಾದವೂ ಯಾವ ನೆಲವನ್ನೂ ಒತ್ತುವುದಿಲ್ಲ. ತೂಕವಿಲ್ಲದಂತೆ ಅನಿಸುವುದು ಅದಕ್ಕೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದೂ ಇದೇ, ಏಕೆಂದರೆ ಒತ್ತಡವಿಲ್ಲದ ಮೂಳೆಯೂ ಕೆಳಕ್ಕೆ ಇಳಿಯದ ರಕ್ತವೂ ಅಲ್ಲಿಂದಲೇ ತೊಂದರೆಯನ್ನು ಆರಂಭಿಸುತ್ತವೆ.

ನಾವು ನಿಂತಿರುವಾಗ ದೇಹದ ದ್ರವದ ಒಂದು ಭಾಗ ಕಾಲುಗಳಲ್ಲಿ ತಂಗಿರುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಿ ಅದನ್ನು ಕೆಳಗೆ ಹಿಡಿದಿಡುವ ಬಲವಿಲ್ಲದ್ದರಿಂದ ಒಂದರಿಂದ ಎರಡು ಲೀಟರಿನಷ್ಟು ಎದೆ ಮತ್ತು ತಲೆಯ ಕಡೆಗೆ ಸರಿಯುತ್ತದೆ. ಮುಖ ಊದುವುದಕ್ಕೂ ಮೂಗು ಕಟ್ಟುವುದಕ್ಕೂ ಕಾಲು ಸಣಕಲಾಗುವುದಕ್ಕೂ ಇದೇ ಕಾರಣ. ಎದೆಯಲ್ಲಿ ರಕ್ತ ತುಂಬಿಕೊಂಡದ್ದನ್ನು ಗ್ರಹಿಸುವ ಹೃದಯದ ಸಂವೇದಕಗಳು ದೇಹದಲ್ಲಿ ನೀರು ಸಾಕಷ್ಟಿದೆ ಎಂಬ ಸೂಚನೆಯನ್ನು ಮೆದುಳಿಗೆ ಕಳುಹಿಸುತ್ತವೆ, ಬಾಯಾರಿಕೆ ಅಡಗುತ್ತದೆ. ಮೊದಲ ಕೆಲವು ದಿನ ಹಲವರನ್ನು ಕಾಡುವ ವಾಕರಿಕೆಯೂ ಇದಕ್ಕೆ ಸೇರಿಕೊಂಡರೆ ಮನುಷ್ಯ ಕುಡಿಯುವುದನ್ನೇ ಮರೆಯುತ್ತಾನೆ. ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಕಡಿಮೆಯಾಗುತ್ತದೆ. ಹಾಗಾಗಿ ನಿಲ್ದಾಣದಲ್ಲಿ ಬಾಯಾರಿಕೆಯನ್ನು ನಂಬಿ ಕುಡಿಯುವುದು ತಪ್ಪು.

ಅದೇ ಹೊತ್ತಿನಲ್ಲಿ ಮೂಳೆಯಲ್ಲಿ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಮೂಳೆ ಜೀವವಿರುವ ಅಂಗಾಂಶ; ಹಳೆಯದನ್ನು ಕರಗಿಸುವ ಜೀವಕೋಶಗಳು ಮತ್ತು ಹೊಸದನ್ನು ಕಟ್ಟುವ ಜೀವಕೋಶಗಳು ಅದರಲ್ಲಿ ಸದಾ ದುಡಿಯುತ್ತವೆ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಬೀಳುವ ಭಾರವೇ ಈ ಎರಡರ ನಡುವಿನ ಸಮತೋಲವನ್ನು ಕಾಯುತ್ತದೆ. ಭಾರ ಇಲ್ಲವಾದೊಡನೆ ಕರಗಿಸುವ ಕೆಲಸ ಮುಂದಾಗುತ್ತದೆ. ತಕ್ಕ ವ್ಯಾಯಾಮವಿಲ್ಲದಿದ್ದರೆ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಸುಮಾರು ನೂರಕ್ಕೆ ಒಂದರಿಂದ ಒಂದೂವರೆಯಷ್ಟು ಇಳಿಯುತ್ತದೆ. ಹಾಗೆ ಕರಗಿದ ಕ್ಯಾಲ್ಸಿಯಂ ರಕ್ತಕ್ಕೆ ಬಂದು, ಮೂತ್ರಪಿಂಡದಲ್ಲಿ ಸೋಸಿಕೊಂಡು ಮೂತ್ರ ಸೇರುತ್ತದೆ. ಇದನ್ನು ನೋಡಲು ನಾನು ಬಾಹ್ಯಾಕಾಶದವರೆಗೆ ಹೋಗಬೇಕಾಗಿಲ್ಲ. ಮೋಟಾರ್‌ಬೈಕ್ ಅಪಘಾತದಲ್ಲಿ ಬೆನ್ನುಮೂಳೆ ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಹದಿಹರೆಯದವರ ಮೂತ್ರದಲ್ಲಿಯೂ ಕ್ಯಾಲ್ಸಿಯಂ ಹೀಗೆಯೇ ಏರುತ್ತದೆ, ಅವರಲ್ಲಿ ಕೆಲವರಿಗೆ ಕಲ್ಲು ಕಟ್ಟುತ್ತದೆ. ತೂಕವಿಲ್ಲದ ಸ್ಥಿತಿಯನ್ನು ಭೂಮಿಯ ಮೇಲೆ ಅಧ್ಯಯನ ಮಾಡಲು ಸ್ವಯಂಸೇವಕರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸಿ ಪರೀಕ್ಷಿಸುವುದೂ ಇದೇ ಕಾರಣಕ್ಕೆ.

ಈಗ ಅವಳ ಎರಡು ಪೊಟ್ಟಣಗಳ ಲೆಕ್ಕ ನೋಡೋಣ. ತಿಳಿಯಲು ಸುಲಭವಾಗುವಂತೆ ದುಂಡು ಸಂಖ್ಯೆಗಳನ್ನೇ ಹಿಡಿಯುತ್ತೇನೆ. ಪುಣೆಯಲ್ಲಿದ್ದಾಗ ಅವಳು ದಿನಕ್ಕೆ 200 ಮಿಲಿಗ್ರಾಂ ಕ್ಯಾಲ್ಸಿಯಂ ಅನ್ನು ಎರಡು ಲೀಟರ್ ಮೂತ್ರದಲ್ಲಿ ಹೊರಹಾಕುತ್ತಿದ್ದಳು ಎಂದುಕೊಳ್ಳಿ; ಲೀಟರಿಗೆ 100 ಮಿಲಿಗ್ರಾಂ ಆಯಿತು. ನಿಲ್ದಾಣದಲ್ಲಿ ಮೂಳೆಯಿಂದ ಬಂದದ್ದೂ ಸೇರಿ ಅದು 300 ಆಯಿತು, ನೀರು ಕಡಿಮೆ ಕುಡಿದದ್ದರಿಂದ ಮೂತ್ರ ಒಂದೇ ಲೀಟರಿಗೆ ಇಳಿಯಿತು. ಕ್ಯಾಲ್ಸಿಯಂ ಒಂದೂವರೆ ಪಟ್ಟು ಹೆಚ್ಚಿದ್ದರೂ ಅದರ ಸಾಂದ್ರತೆ ಮೂರು ಪಟ್ಟಾಯಿತು. ಕಲ್ಲು ಕಟ್ಟುವುದು ಒಟ್ಟು ಪ್ರಮಾಣವನ್ನು ನೋಡಿ ಅಲ್ಲ, ಸಾಂದ್ರತೆಯನ್ನು ನೋಡಿ. ಒಂದು ಮಿತಿ ದಾಟಿದರೆ ಕ್ಯಾಲ್ಸಿಯಂ ಮೂತ್ರದಲ್ಲಿರುವ ಆಕ್ಸಲೇಟ್ ಅಥವಾ ಫಾಸ್ಫೇಟ್ ಜೊತೆ ಸೇರಿ ಹರಳಾಗಲು ತೊಡಗುತ್ತದೆ. ಅದೇ 300 ಮಿಲಿಗ್ರಾಂ ಎರಡೂವರೆ ಲೀಟರ್ ಮೂತ್ರದಲ್ಲಿ ಹೋಗಿದ್ದರೆ ಲೀಟರಿಗೆ 120 ಆಗಿ, ಊರಿನಲ್ಲಿದ್ದ ಸ್ಥಿತಿಗೆ ಹತ್ತಿರವೇ ಉಳಿಯುತ್ತಿತ್ತು. ಅಷ್ಟು ಮೂತ್ರ ಬರಬೇಕಾದರೆ ದಿನಕ್ಕೆ ಮೂರು ಲೀಟರಿನಷ್ಟು ದ್ರವ ಹೊಟ್ಟೆಗೆ ಹೋಗಬೇಕು. ಎಚ್ಚರವಾಗಿರುವ ಹೊತ್ತಿನಲ್ಲಿ ಗಂಟೆಗೆ ಸುಮಾರು 200 ಮಿಲಿಲೀಟರ್ ಎಂದು ಗಡಿಯಾರ ನೋಡಿ ಕುಡಿಯುವುದೇ ಇದಕ್ಕೆ ದಾರಿ ಎಂದು ಅವಳ ಪುಟದ ಅಂಚಿನಲ್ಲಿ ಬರೆದಿದ್ದೇನೆ.

ಉಪ್ಪಿನಕಾಯಿಯ ಬಗ್ಗೆಯೂ ಬರೆಯಬೇಕಾಯಿತು. ಮೂಗು ಕಟ್ಟಿದಾಗ ರುಚಿ ಮಂಕಾಗುವುದು ನಿಜ, ಗಗನಯಾತ್ರಿಗಳು ಖಾರದ ಸಾಸ್‌ಗಳನ್ನು ಬಯಸುವುದೂ ನಿಜ. ಆದರೆ ಮೂತ್ರಪಿಂಡ ಸೋಡಿಯಂ ಅನ್ನು ಹೊರಹಾಕುವಾಗ ಅದರ ಜೊತೆಗೆ ಕ್ಯಾಲ್ಸಿಯಂ ಅನ್ನೂ ಬಿಟ್ಟುಕೊಡುತ್ತದೆ. ನಿಲ್ದಾಣದ ಆಹಾರದಲ್ಲಿ ಹಿಂದೆ ದಿನಕ್ಕೆ 5,300 ಮಿಲಿಗ್ರಾಂ ಸೋಡಿಯಂ ಇರುತ್ತಿತ್ತು. ನಾಸಾದ ಆಹಾರ ತಜ್ಞರು ಸುಮಾರು 90 ತಿನಿಸುಗಳನ್ನು ಹೊಸದಾಗಿ ರೂಪಿಸಿ ಅದನ್ನು 3,000ಕ್ಕೆ ಇಳಿಸಿದರು. ಅಜ್ಜಿಯ ಮಿಡಿಯನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುವುದಿಲ್ಲ, ದಿನದ ಉಪ್ಪಿನ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಳ್ಳಬೇಕು.

ಮಧ್ಯಾಹ್ನದ ಭಾಗದಲ್ಲಿ ಅವಳು ಹೀಗೆ ಬರೆದಿದ್ದಾಳೆ: “ಎರಡು ಗಂಟೆ ವ್ಯಾಯಾಮ. ಹೆಗಲಿಗೂ ಸೊಂಟಕ್ಕೂ ಪಟ್ಟಿ ಕಟ್ಟಿ ಟ್ರೆಡ್‌ಮಿಲ್ ಮೇಲೆ ಓಡಿದೆ, ಆಮೇಲೆ ಭಾರ ಎತ್ತುವ ಯಂತ್ರದಲ್ಲಿ ಬಸ್ಕಿ ಹೊಡೆದೆ. ಇನ್ನು ಮೂಳೆಯ ಚಿಂತೆಯಿಲ್ಲ.” ಮೊದಲೆರಡು ವಾಕ್ಯಗಳಿಗೆ ಪೂರ್ಣ ಅಂಕ ಕೊಡಬಹುದು. ತೂಕವಿಲ್ಲದ ಕಡೆ ಕಬ್ಬಿಣದ ಗುಂಡುಗಳಿಂದ ಉಪಯೋಗವಿಲ್ಲವಾದ್ದರಿಂದ ಆ ಯಂತ್ರ ನಿರ್ವಾತ ಸಿಲಿಂಡರುಗಳ ಎಳೆತದಿಂದ ಸುಮಾರು 270 ಕಿಲೋಗ್ರಾಂವರೆಗಿನ ಪ್ರತಿರೋಧ ಕೊಡುತ್ತದೆ. ಅದು ನಿಲ್ದಾಣಕ್ಕೆ ಹೋದದ್ದು 2008ರ ನವೆಂಬರಿನಲ್ಲಿ. ಅದನ್ನು ಬಳಸಿ, ಸರಿಯಾಗಿ ಉಂಡು, ವಿಟಮಿನ್ ಡಿ ಕೊರತೆಯಾಗದಂತೆ ನೋಡಿಕೊಂಡವರಲ್ಲಿ ಮೂಳೆಯ ಸಾಂದ್ರತೆ ಬಹುಮಟ್ಟಿಗೆ ಉಳಿದುಕೊಂಡಿತು. ಮೂರನೆಯ ವಾಕ್ಯವನ್ನು ಮಾತ್ರ ನಾನು ಒಪ್ಪಲಾರೆ. ಸಾಂದ್ರತೆ ಉಳಿದದ್ದು ಮೂಳೆ ಕರಗುವುದು ನಿಂತದ್ದರಿಂದಲ್ಲ, ವ್ಯಾಯಾಮದಿಂದ ಕಟ್ಟುವ ಕೆಲಸವೂ ಚುರುಕಾದದ್ದರಿಂದ. ಕರಗುವಿಕೆ ಹೆಚ್ಚಾಗಿಯೇ ಇತ್ತು, ಮೂತ್ರದ ಕ್ಯಾಲ್ಸಿಯಂ ಕೂಡ ಏರಿದ ಮಟ್ಟದಲ್ಲೇ ಇತ್ತು. ಮೂಳೆ ತಜ್ಞರು ನೆಮ್ಮದಿಯಾಗುವ ವರದಿಯನ್ನು ನೋಡಿಯೂ ನನ್ನಂಥವರು ನೆಮ್ಮದಿಯಾಗಲು ಸಾಧ್ಯವಿಲ್ಲದಿರುವುದು ಇದರಿಂದಲೇ. ಮೂಳೆ ಸವೆತಕ್ಕೆ ಇಲ್ಲಿ ವಯಸ್ಸಾದವರಿಗೆ ಬರೆದುಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ವ್ಯಾಯಾಮದೊಂದಿಗೆ ಕೊಟ್ಟು ನೋಡಿದಾಗ ಕರಗುವಿಕೆಯೂ ಮೂತ್ರದ ಕ್ಯಾಲ್ಸಿಯಂ ಏರಿಕೆಯೂ ತಗ್ಗಿದವು. ಪೊಟ್ಯಾಸಿಯಂ ಸಿಟ್ರೇಟ್ ಕೂಡ ಹಾರಾಟದ ವೇಳೆ ಕಲ್ಲಿನ ಅಪಾಯವನ್ನು ಕಡಿಮೆ ಮಾಡಿದೆ. ಸಿಟ್ರೇಟ್ ಮೂತ್ರದಲ್ಲಿರುವ ಕ್ಯಾಲ್ಸಿಯಂ ಅನ್ನು ತಾನೇ ಹಿಡಿದುಕೊಂಡು ಹರಳಾಗಲು ಬಿಡುವುದಿಲ್ಲ.

ಈ ಕ್ಯಾಲ್ಸಿಯಂ ಎಷ್ಟು ನಿಜವಾದದ್ದು ಎಂಬುದು ಒಂದು ಯಂತ್ರದಲ್ಲಿಯೂ ಕಂಡುಬಂತು. ಭಾರ ಎತ್ತುವ ಯಂತ್ರವನ್ನು ಒಯ್ದ ಶಟಲ್ ನೌಕೆಯಲ್ಲೇ ಮೂತ್ರವನ್ನು ಬಟ್ಟಿ ಇಳಿಸಿ ಕುಡಿಯುವ ನೀರಾಗಿಸುವ ವ್ಯವಸ್ಥೆಯೂ ಹೋಗಿತ್ತು. ಮೂತ್ರದಲ್ಲಿರುವ ನೀರಿನ ಶೇಕಡಾ 85ನ್ನು ಮರಳಿ ಪಡೆಯುವಂತೆ ಅದನ್ನು ರೂಪಿಸಿದ್ದರು. ಮೂತ್ರ ಕೆಡದಂತೆ ಮೊದಲೇ ಅದಕ್ಕೆ ಸಲ್ಫ್ಯೂರಿಕ್ ಆಮ್ಲ ಸೇರಿಸುತ್ತಿದ್ದರು. ಮರುವರ್ಷವೇ ಬಟ್ಟಿ ಇಳಿಸುವ ಭಾಗ ಕೆಟ್ಟಿತು. ಬಿಚ್ಚಿ ಪರೀಕ್ಷಿಸಿದಾಗ ಒಳಗೆ ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ, ಗಟ್ಟಿಕಟ್ಟಿತ್ತು. ನೆಲದ ಮೇಲಿನವರ ಮೂತ್ರಕ್ಕಿಂತ ಗಗನಯಾತ್ರಿಗಳ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದುದರಿಂದ ನೀರು ಆವಿಯಾಗುತ್ತ ಹೋದಂತೆ ಅದು ಆಮ್ಲದ ಸಲ್ಫೇಟ್ ಜೊತೆ ಸೇರಿ ಹರಳಾಗಿತ್ತು. ಮರಳಿ ಪಡೆಯುವ ನೀರಿನ ಪ್ರಮಾಣವನ್ನು ಕೆಲವು ಕಾಲ ತಗ್ಗಿಸಿಯೇ ಯಂತ್ರ ನಡೆಸಬೇಕಾಯಿತು, ಆಮೇಲೆ ಸಲ್ಫ್ಯೂರಿಕ್ ಬದಲು ಫಾಸ್ಫಾರಿಕ್ ಆಮ್ಲ ಬಳಸಲಾಯಿತು. ಮೂತ್ರಪಿಂಡದ ಕಲ್ಲಿಗೂ ಯಂತ್ರದ ಕಲ್ಲಿಗೂ ಮೂಲ ಒಂದೇ, ಸೊಂಟದ ಮೂಳೆ. 2023ರ ಹೊತ್ತಿಗೆ ಬೆವರು, ಉಸಿರಿನ ತೇವ ಎಲ್ಲವೂ ಸೇರಿ ಅಮೆರಿಕದ ಭಾಗದಲ್ಲಿ ಶೇಕಡಾ 98ರಷ್ಟು ನೀರು ಮರಳಿ ದೊರೆಯುವ ಮಟ್ಟ ತಲುಪಿದೆ. ಆದ್ದರಿಂದ ನೀರು ಉಳಿಸಲೆಂದು ಯಾರೂ ಬಾಯಾರಿ ಇರಬೇಕಾಗಿಲ್ಲ.

ಶೌಚಾಲಯದ ತೊಡಕಿನ ಬಗ್ಗೆ ಅವಳು ಹೇಳಿರುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆಲಿಕೆ ಇರುವ ಕೊಳವೆಯನ್ನು ಹಿಡಿದು, ಫ್ಯಾನಿನ ಗಾಳಿ ಮೂತ್ರವನ್ನು ಸೆಳೆದುಕೊಳ್ಳುವಂತೆ ನೋಡಿಕೊಳ್ಳುವುದು ಅಭ್ಯಾಸವಾಗುವವರೆಗೆ ಕಷ್ಟವೇ. ಅದಕ್ಕಿಂತ ದೊಡ್ಡ ವಿಷಯವೆಂದರೆ ತೂಕವಿಲ್ಲದ ಮೂತ್ರ ಚೀಲದ ತಳದಲ್ಲಿ ನಿಂತು ಒತ್ತುವುದಿಲ್ಲ, ಹೀಗಾಗಿ ಚೀಲ ಬಹುತೇಕ ತುಂಬುವವರೆಗೆ ಹೋಗಬೇಕೆಂದೇ ಅನಿಸದಿರಬಹುದು. ಹಾರಾಟದ ಮೊದಲ ದಿನಗಳಲ್ಲಿ ಕೆಲವರಿಗೆ ಮೂತ್ರ ಕಟ್ಟಿಕೊಂಡದ್ದೂ ಉಂಟು. ಕುಡಿಯುವುದಕ್ಕೆ ಹೇಗೋ ಹಾಗೆಯೇ ಇದಕ್ಕೂ ಗಡಿಯಾರವನ್ನೇ ನಂಬಬೇಕು.

“ಡಾಕ್ಟರ್ ಅಂಕಲ್, ಅಷ್ಟೆಲ್ಲ ಆದರೂ ಅಲ್ಲೇ ಕಲ್ಲಾದರೆ ಏನು ಮಾಡುವುದು?” ಎಂದು ಹುಡುಗಿ ಫೋನಿನಲ್ಲಿ ಕೇಳಿದಳು. ಸೊಂಟದ ಹಿಂಬದಿಯಿಂದ ತೊಡೆಯ ಸಂದಿಗೆ ಅಲೆಅಲೆಯಾಗಿ ಇಳಿಯುವ ನೋವು, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ ಸಂಶಯಪಡಬೇಕು. ನಿಲ್ದಾಣದಲ್ಲಿರುವ ಅಲ್ಟ್ರಾಸೌಂಡ್ ಯಂತ್ರವನ್ನು ಭೂಮಿಯ ಮೇಲಿನ ವೈದ್ಯರು ಹೇಳಿಕೊಟ್ಟಂತೆ ಹಿಡಿದು ನೋಡಬಹುದು. ಚಿಕ್ಕ ಕಲ್ಲಾದರೆ ನೋವಿನ ಔಷಧ ಮತ್ತು ನೀರಿನಿಂದ ತಾನಾಗಿಯೇ ಹೋಗುವ ಸಂಭವ ಹೆಚ್ಚು. 1982ರಲ್ಲಿ ಸಾಲ್ಯುತ್-7 ನಿಲ್ದಾಣದಲ್ಲಿದ್ದ ಸೋವಿಯತ್ ಗಗನಯಾತ್ರಿಯೊಬ್ಬರಿಗೆ ಕಲ್ಲಿನದೇ ಎಂದು ತೋರಿದ ತೀವ್ರ ನೋವು ಬಂದಾಗ ಯಾನವನ್ನು ಮೊಟಕುಗೊಳಿಸುವ ಯೋಚನೆ ನಡೆಯುತ್ತಿದ್ದಂತೆಯೇ ಅದು ತಾನಾಗಿ ಶಮನವಾಯಿತು. ದಾರಿ ಮುಚ್ಚಿ ಜ್ವರವೂ ಬಂದರೆ ಮಾತ್ರ ಅಲ್ಲಿ ಶಸ್ತ್ರಚಿಕಿತ್ಸೆಯ ದಾರಿಯಿಲ್ಲ, ಭೂಮಿಗೆ ಮರಳಲೇಬೇಕು.

ಅವಳ ಪುಟ ರಾತ್ರಿ ಒಂಬತ್ತೂವರೆಗೆ ನಿದ್ದೆಯೊಂದಿಗೆ ಮುಗಿಯುತ್ತದೆ. ಇನ್ನೊಂದು ಪುಟ ಬರೆದು ಮರಳಿ ಬಂದ ಮೇಲಿನ ವಾರದ ದಿನಚರಿಯನ್ನೂ ಸೇರಿಸಲು ಕೇಳಿದ್ದೇನೆ. ಅಮೆರಿಕದ ಗಗನಯಾತ್ರಿಗಳಲ್ಲಿ ದಾಖಲಾದ ಕಲ್ಲುಗಳು ಹಾರಾಟಕ್ಕೆ ಮುಂಚಿನವು ಅಥವಾ ಮರಳಿದ ನಂತರದವು. ಇಳಿದ ಮೊದಲ ದಿನಗಳಲ್ಲಿ ಮೂತ್ರದ ಪ್ರಮಾಣ ಕಡಿಮೆ, ಆಮ್ಲೀಯತೆ ಹೆಚ್ಚು. ಹಾರಾಟದಲ್ಲಿ ಮೊಳೆತ ಹರಳು ಬೆಳೆಯಲು ಅದು ಅನುಕೂಲದ ಹೊತ್ತು. ಗಂಟೆಗೊಂದು ಲೋಟ ನೀರಿನ ನಿಯಮವನ್ನು ಪುಣೆಯ ಮನೆಗೆ ಬಂದ ಮೇಲೂ ಅವಳು ಕೆಲವು ವಾರ ಬಿಡಬಾರದು.