ಬ್ಯಾಡಗಿ ಅಂತ ಬರೆದರೆ ಸಾಕೇ?

ಗದಗ ಕಡೆಯ ಒಂದು ಮಹಿಳಾ ಸಂಘದವರು ಖಾರದಪುಡಿಯ ಪ್ಯಾಕೆಟ್ ಹಿಡಿದು ನನ್ನ ಹತ್ತಿರ ಬಂದಿದ್ದರು. ಮುಂದೆ ದೊಡ್ಡದಾಗಿ ‘ಅಪ್ಪಟ ಬ್ಯಾಡಗಿ’ ಅಂತಿತ್ತು. ಪುಡಿಯ ಬಣ್ಣ ಕಾಣಲಿ ಅಂತ ನಡುವೆ ಪಾರದರ್ಶಕ ಕಿಟಕಿ. ಇನ್ನೂ ಚಂದದ ಲೇಬಲ್ ಬೇಕು ಅನ್ನೋದು ಅವರ ಬೇಡಿಕೆ.

“ಕಾಯಿ ಯಾವ ಊರಿನದು?” ಅಂತ ಕೇಳಿದೆ.

“ಬ್ಯಾಡಗಿ ಪೇಟಿಂದ ತಂದದ್ದರಿ ಸರ.”

ತೊಡಕು ಇರೋದು ಇಲ್ಲೇ. ಬ್ಯಾಡಗಿ ಅನ್ನೋದು ಹಾವೇರಿ ಜಿಲ್ಲೆಯ ಊರು, ಅಲ್ಲಿನ ದೊಡ್ಡ ಮಾರುಕಟ್ಟೆ, ಮತ್ತು ಒಂದು ಬಗೆಯ ಮೆಣಸಿನಕಾಯಿ. ಮೂರಕ್ಕೂ ಒಂದೇ ಹೆಸರು. ಮಾರುಕಟ್ಟೆಗೆ ಹಾವೇರಿ, ಧಾರವಾಡ, ಗದಗದ ಕಾಯಿ ಬರುತ್ತದೆ. ಬಳ್ಳಾರಿ, ರಾಯಚೂರು, ಆಂಧ್ರದ ಹೈಬ್ರಿಡ್ ಕಾಯಿಯೂ ಬರುತ್ತದೆ. ಬ್ಯಾಡಗಿ ಪೇಟೆಯಲ್ಲಿ ಕೊಂಡ ಮಾತ್ರಕ್ಕೆ ಚೀಲದಲ್ಲಿರುವುದು ಬ್ಯಾಡಗಿ ತಳಿಯೇ ಆಗಬೇಕಿಲ್ಲ.

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ, ಅಂದರೆ ಭೌಗೋಳಿಕ ಸೂಚಕ ಸಿಕ್ಕಿತು. ಈ ಹೆಸರು ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ಗೊತ್ತುಮಾಡಿದ ಪ್ರದೇಶದಲ್ಲಿ ಬೆಳೆದ, ಗೊತ್ತುಮಾಡಿದ ಗುಣದ ಕಾಯಿಗೆ ಸೇರಿದ್ದು. ಬೆಳೆಗಾರರು ಚೆನ್ನೈನ ಜಿಐ ನೋಂದಣಿ ಕಚೇರಿಗೆ ಅರ್ಜಿ ಹಾಕಿ ‘ಅಧಿಕೃತ ಬಳಕೆದಾರ’ರಾಗಬಹುದು. ಸಂಘದ ಸ್ವಂತ ಹೆಸರಿಗೆ ಟ್ರೇಡ್‌ಮಾರ್ಕ್ ಬೇರೆಯೇ ಮಾಡಿಸಬೇಕು. ಅನೇಕರು ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ.

ಆದರೆ ಜಿಐ ಪ್ರಮಾಣಪತ್ರ ಗೋಡೆಯ ಮೇಲಿದ್ದರೆ ಚೀಲದೊಳಗಿನ ಕಾಯಿ ಬದಲಾಗುವುದಿಲ್ಲ, ಅಲ್ವಾ? ಹಾಗಾಗಿ ಲೇಬಲ್ ಪಕ್ಕಕ್ಕಿಟ್ಟು ಒಂದು ನೋಟ್‌ಬುಕ್ ಶುರು ಮಾಡಿಸಿದೆ. ಸಂಘದಲ್ಲೇ ಎರೆ ಹೊಲದಲ್ಲಿ ಮಳೆ ನಂಬಿ ಹಳೇ ತಳಿ ಬೆಳೆಯುವ ಹನ್ನೊಂದು ಮನೆಗಳಿದ್ದವು! ಅವರ ಕಾಯಿ ಪೇಟೆಗೆ ಹೋಗುತ್ತಿತ್ತು, ಪುಡಿಗೆ ಪೇಟೆಯ ಕಾಯಿ ಬರುತ್ತಿತ್ತು. ಈಗ ಆ ಮನೆಗಳ ಕಾಯಿ ನೇರ ಸಂಘಕ್ಕೆ ಬರುತ್ತದೆ. ಪ್ರತಿ ಚೀಲಕ್ಕೂ ನಂಬರ್. ನೋಟ್‌ಬುಕ್‌ನಲ್ಲಿ ಆ ನಂಬರಿನ ಮುಂದೆ ಯಾರ ಹೊಲ, ಯಾವ ಬೀಜ, ಕಡ್ಡಿಯೋ ಡಬ್ಬಿಯೋ, ಎಷ್ಟನೇ ಬಿಡಿಸು, ಕಣದಲ್ಲಿ ಎಷ್ಟು ದಿನ ಒಣಗಿದ್ದು. ಕಡ್ಡಿ ತೆಳ್ಳಗೆ ಉದ್ದ, ಮೈತುಂಬ ನೆರಿಗೆ, ಬೀಜ ಕಡಿಮೆ. ಡಬ್ಬಿ ಗಿಡ್ಡ, ದಪ್ಪ. ತೂಕ ಬರಲಿ ಅಂತ ನೀರು ಚಿಮುಕಿಸಿದ ಚೀಲ ಬಂದರೆ ವಾಪಸ್. ಅದಕ್ಕೆ ಬೂಸ್ಟು ಹಿಡಿಯುತ್ತದೆ. ನಿಯಮ ಹಾಕಿದ ಮೊದಲ ವರ್ಷವೇ ಸಂಘದ ಸದಸ್ಯೆಯೊಬ್ಬರ ಚೀಲ ವಾಪಸಾಯಿತು. ಎರಡು ವಾರ ಅವರು ಮೀಟಿಂಗಿಗೇ ಬರಲಿಲ್ಲ.

ಚೀಲದ ನಂಬರೇ ಪ್ಯಾಕೆಟ್ಟಿನ ಲಾಟ್ ನಂಬರಾಯಿತು. ಕಿಟಕಿ ತೆಗೆಸಿದೆ. ಬ್ಯಾಡಗಿಯ ಬೆಲೆಯೆಲ್ಲ ಇರುವುದು ಬಣ್ಣದಲ್ಲಿ. ಆ ಬಣ್ಣ ಬೆಳಕಿಗೂ ಬಿಸಿಗೂ ಮಾಸುತ್ತದೆ. ಅಂಗಡಿಯ ಬಿಸಿಲಿನ ಕಡೆ ಕೆಲವು ತಿಂಗಳು ಕೂತ ಪ್ಯಾಕೆಟ್ ತೆರೆದರೆ ಕಿಟಕಿಯ ಹತ್ತಿರದ ಪುಡಿ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ನೋಡಿದವರು ಮೊದಲು ಅನುಮಾನ ಪಡುವುದು ಊರಿನ ಹೆಸರನ್ನೇ. ಅದಕ್ಕೇ ಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ಆರ್ಡರ್ ಬಂದಷ್ಟೇ ಕುಟ್ಟಿಸುವುದು ಒಳ್ಳೆಯದು.

ಪ್ಯಾಕೆಟ್ ಹಿಂದೆ ಬರೆಸಿದ ಒಂದು ಸಾಲಿಗೆ ಸಂಘದಲ್ಲಿ ದೊಡ್ಡ ಜಗಳವೇ ಆಯಿತು: ‘ಇದು ಬಣ್ಣಕ್ಕೆ. ಖಾರ ಜಾಸ್ತಿ ಬೇಕಿದ್ದರೆ ಗುಂಟೂರು ಕಾಯಿ ಸೇರಿಸಿಕೊಳ್ಳಿ.’ “ನಮ್ಮ ಮಾಲಿನ ಮ್ಯಾಲೆ ಮಂದಿ ಮಾಲಿನ ಹೆಸರು ಯಾಕ್ರಿ?” ಅಂತ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಬೆಂಗಳೂರಿನಿಂದ ಬರುತ್ತಿದ್ದ ದೂರುಗಳಲ್ಲಿ ಅರ್ಧ ‘ಖಾರವೇ ಇಲ್ಲ, ಕಲಬೆರಕೆ’ ಅಂತ. ಖಾರ ಕಡಿಮೆ ಇರುವುದೇ ಈ ಕಾಯಿಯ ಗುರುತು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಆ ಸಾಲು ಬಂದ ಮೇಲೆ ದೂರಿನ ದಿಕ್ಕೇ ಬದಲಾಯಿತು. ಈಗ ಯಾರಾದರೂ ‘ಈ ಸಲ ಖಾರ ಜಾಸ್ತಿ ಇದೆ’ ಅಂದರೆ ನಾವು ಎಚ್ಚರವಾಗುತ್ತೇವೆ. ಲಾಟ್ ನಂಬರ್ ಕೇಳಿ, ನೋಟ್‌ಬುಕ್ ತೆರೆದು ನೋಡುತ್ತೇವೆ. ಹಾಗೆ ಒಮ್ಮೆ ಸಿಕ್ಕಿಬಿದ್ದದ್ದು ಹೈಬ್ರಿಡ್ ಬೆರೆತ ಎರಡು ಚೀಲ.

ಕಷ್ಟ ಇರೋದು ಮಳೆಗಾಲದ ಕೊನೆಗೆ. ಹೊಸ ಕಾಯಿ ಡಿಸೆಂಬರ್, ಜನವರಿಗೆ. ಹಳೇ ತಳಿಯ ಇಳುವರಿ ಹೈಬ್ರಿಡ್‌ಗಿಂತ ಕಡಿಮೆ. ಹನ್ನೊಂದು ಮನೆಯ ಕಾಯಿ ದಸರೆಗೇ ಮುಗಿಯುತ್ತದೆ. ಆರ್ಡರ್ ಮಾತ್ರ ದೀಪಾವಳಿಗೆ ಏರುತ್ತದೆ. ಹೋದ ವರ್ಷ ಪೇಟೆಯ ಕಾಯಿ ತಂದು ತುಂಬೋಣ ಅಂತ ಮಾತು ಬಂದಿತ್ತು. ಕೊನೆಗೆ ತಂದರು ಕೂಡ. ಆದರೆ ಬೇರೆ ಬಣ್ಣದ ಪ್ಯಾಕೆಟ್ಟಿಗೆ ತುಂಬಿದರು. ಅದರ ಮೇಲೆ ಬ್ಯಾಡಗಿ ಅಂತಿಲ್ಲ, ಸುಮ್ನೆ ‘ಕೆಂಪು ಖಾರದಪುಡಿ’ ಅಂತಿದೆ. ಕಿಲೋಗೆ ತೊಂಬತ್ತು ರೂಪಾಯಿ ಕಡಿಮೆ.